ಬಾಯಿಯ ಲೆಕ್ಕ, ನೀರಿನ ಲೆಕ್ಕ

ಕಳೆದ ವರ್ಷ ನಮ್ಮ ಕಚೇರಿಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆದಾಗ ಎಲ್ಲರ ಕೈಗೂ ಎರಡು ಪುಟದ ಪ್ರಶ್ನಾವಳಿ ಬಂತು. ವಾರದಲ್ಲಿ ಎಷ್ಟು ದಿನ ವೇಗವಾಗಿ ನಡೆಯುತ್ತೀರಿ, ದಿನಕ್ಕೆ ಎಷ್ಟು ನಿಮಿಷ, ಮನೆಗೆಲಸ ಎಷ್ಟು ಹೊತ್ತು, ಕುಳಿತಿರುವುದು ಎಷ್ಟು ಹೊತ್ತು ಎಂಬ ಪ್ರಶ್ನೆಗಳು. ನಾನು ಹೆಚ್ಚು ಯೋಚಿಸದೆ, ದಿನಕ್ಕೆ ಒಂದೂವರೆ ಗಂಟೆ ನಡಿಗೆ ಎಂದು ಬರೆದೆ. ಮನೆಗೆ ಹೋಗಿ ಹೇಳಿದಾಗ ನನ್ನಾಕೆ ನಕ್ಕಳು. ಪಾರ್ಕಿನ ಬೆಂಚಿನ ಮೇಲೆ ಗುಲ್ಬರ್ಗದ ಸ್ನೇಹಿತರ ಜೊತೆ ಮಾತನಾಡುತ್ತಾ ಕೂರುವ ಹೊತ್ತೂ ಆ ಒಂದೂವರೆ ಗಂಟೆಯಲ್ಲಿ ಸೇರಿದೆಯೇ ಎಂದು ಕೇಳಿದಳು. ಸೇರಿತ್ತು. ನಾನು ಸುಳ್ಳು ಬರೆದಿರಲಿಲ್ಲ. ಮನೆಯಿಂದ ಹೊರಟ ಹೊತ್ತಿನಿಂದ ಮರಳಿದ ಹೊತ್ತಿನವರೆಗಿನದೆಲ್ಲವನ್ನೂ ನನ್ನ ಮನಸ್ಸು ‘ನಡಿಗೆ’ ಎಂಬ ಒಂದೇ ಹೆಸರಿನಲ್ಲಿ ಜಮಾ ಮಾಡಿಕೊಂಡಿತ್ತು, ಅಷ್ಟೆ.

ಈ ಬಗೆಯ ಜಮಾಖರ್ಚು ಎಷ್ಟು ದೂರ ತಪ್ಪಬಹುದು ಎಂಬುದನ್ನು ತೋರಿಸಿಕೊಟ್ಟ ಒಂದು ವಿಧಾನವಿದೆ. ಅದು ಹುಟ್ಟಿದ್ದು ಅಮೆರಿಕದ ಪ್ರಯೋಗಶಾಲೆಯಲ್ಲಿ. ಆದರೆ ಅದಕ್ಕಿಂತ ಮೊದಲು ಅದೇ ಪ್ರಶ್ನೆಯನ್ನು ನಾವಿರುವ ಈ ಹೈದರಾಬಾದಿನಲ್ಲಿ ಬೇರೆ ಹಾದಿಯಿಂದ ಕೇಳಿದವರೂ ಇದ್ದರು. ಆದ್ದರಿಂದ ಇಲ್ಲಿಂದಲೇ ಆರಂಭಿಸುವುದು ಸರಿ.

ತಾರ್ನಾಕದ ಬಳಿಯ ಜಾಮಿಯಾ ಉಸ್ಮಾನಿಯಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ಮೂಲತಃ ಇಲ್ಲಿನದಲ್ಲ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆಳೆಸಿದ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಬಂತು. ಬಂದ ಕೆಲವೇ ವರ್ಷಗಳಲ್ಲಿ ಅಲ್ಲಿನ ವಿಜ್ಞಾನಿಗಳು ಕಲ್ಲು ಒಡೆಯುವ ಕೆಲಸಗಾರರು ಎಷ್ಟು ತಿನ್ನುತ್ತಾರೆ, ಎಷ್ಟು ಶಕ್ತಿ ಖರ್ಚು ಮಾಡುತ್ತಾರೆ ಎಂದು ಅಳೆದರು. ರಮಣಮೂರ್ತಿ ಮತ್ತು ದಾಕ್ಷಾಯಣಿ ಅವರ ಆ ಬರಹ 1962ರಲ್ಲಿ ಪ್ರಕಟವಾಯಿತು. ಬಂಡೆಗಳ ನಡುವೆಯೇ ಕಟ್ಟಿದ ಊರಿನಲ್ಲಿ ಸುತ್ತಿಗೆ ಹಿಡಿದವನ ಹಸಿವನ್ನು ಅಳೆಯಹೊರಟದ್ದು ಸಹಜವೇ ಆಗಿತ್ತು.

ಆ ಕಾಲದ ಅಳತೆಯ ಕ್ರಮವನ್ನು ಘಟಕ ಲೆಕ್ಕ ಎನ್ನಬಹುದು. ಮನುಷ್ಯ ಏನೂ ಮಾಡದೆ ಮಲಗಿದ್ದರೂ ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ ಇವುಗಳಿಗಾಗಿ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಅದು ಮೂಲ ಖರ್ಚು. ಒಂದೊಂದು ಕೆಲಸಕ್ಕೂ ಮೂಲ ಖರ್ಚಿನ ಎಷ್ಟು ಪಟ್ಟು ಬೇಕಾಗುತ್ತದೆ ಎಂಬುದನ್ನು ಉಸಿರಿನ ಗಾಳಿಯನ್ನು ಸಂಗ್ರಹಿಸಿ ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ದಿನದ 24 ಗಂಟೆಗಳಲ್ಲಿ ಯಾವ ಕೆಲಸ ಎಷ್ಟು ಹೊತ್ತು ನಡೆಯಿತು ಎಂದು ಬರೆದುಕೊಂಡು, ಗುಣಿಸಿ ಕೂಡುತ್ತಾರೆ. ದಿನದ ಒಟ್ಟು ಖರ್ಚು ಮೂಲ ಖರ್ಚಿನ ಎಷ್ಟು ಪಟ್ಟು ಎಂಬ ಸಂಖ್ಯೆಗೆ ಚಟುವಟಿಕೆಯ ಮಟ್ಟ ಎಂದು ಹೆಸರು. ಲೆಕ್ಕದಲ್ಲಿ ದೋಷವಿಲ್ಲ. ತೊಡಕಿರುವುದು ‘ಎಷ್ಟು ಹೊತ್ತು’ ಎಂಬಲ್ಲಿ. ಗಡಿಯಾರ ಹಿಡಿದು ಒಬ್ಬರು ಹಿಂದೆಯೇ ಓಡಾಡಿದರೆ ಆ ಹೊತ್ತು ನಿಖರವಾಗುತ್ತದೆ, ಆದರೆ ನೋಡುವವರು ಇದ್ದಾರೆಂದು ಕೆಲಸಗಾರನ ಕೈಯ ವೇಗವೇ ಬದಲಾಗುತ್ತದೆ. ಹಿಂದೆ ಯಾರೂ ಇಲ್ಲದಿದ್ದರೆ ಅವನನ್ನೇ ಕೇಳಬೇಕು. ಸಾವಿರಾರು ಜನರ ಸಮೀಕ್ಷೆಯಲ್ಲಿ ಕೇಳುವುದೊಂದೇ ದಾರಿ. ಹಾಗೆ ಕೇಳಿ ಪಡೆದ ಉತ್ತರ ಸರಿಯೇ ಎಂದು ಪರೀಕ್ಷಿಸಲು, ಮನುಷ್ಯನನ್ನು ಅವನ ಪಾಡಿಗೆ ಬಿಟ್ಟು, ಅವನನ್ನು ಏನೂ ಕೇಳದೆ, ವಾರಗಟ್ಟಲೆ ಅಳೆಯುವ ಉಪಾಯ ಬೇಕಿತ್ತು.

ಆ ಉಪಾಯದ ಬೀಜ 1949ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತ್ತು. ನೇಥನ್ ಲಿಫ್ಸನ್ ಮತ್ತು ಅವರ ಸಂಗಡಿಗರು ಅಂದು ಕೇಳಿದ್ದು ಶಕ್ತಿಯ ಪ್ರಶ್ನೆಯನ್ನಲ್ಲ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿರುವ ಆಮ್ಲಜನಕ ಎಲ್ಲಿಂದ ಬಂದದ್ದು ಎಂಬುದು ಅವರ ಕುತೂಹಲ. ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕವೇ ನೇರವಾಗಿ ಹಾಗೆ ಹೊರಬರುತ್ತದೆಯೇ? ತುಸು ಭಾರವಾದ ಆಮ್ಲಜನಕ-18ನ್ನು ಗುರುತಾಗಿ ಬಳಸಿ ನೋಡಿದಾಗ ತಿಳಿದದ್ದು ಬೇರೆಯೇ: ಹೊರಬರುವ ಡೈಆಕ್ಸೈಡಿನ ಆಮ್ಲಜನಕವು ದೇಹದ ನೀರಿನ ಆಮ್ಲಜನಕದೊಂದಿಗೆ ಅದಲುಬದಲಾಗಿ, ಎರಡೂ ಸಮತೋಲಕ್ಕೆ ಬಂದಿರುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಈ ಅದಲುಬದಲನ್ನು ಅತಿ ಬೇಗ ನಡೆಸುತ್ತದೆ. ಈ ಸಣ್ಣ ಸಂಗತಿಯಿಂದ ಲಿಫ್ಸನ್ ಅವರು ದೊಡ್ಡದೊಂದನ್ನು ಊಹಿಸಿದರು.

ದೇಹವನ್ನು ಒಂದು ನೀರಿನ ತೊಟ್ಟಿ ಎಂದುಕೊಳ್ಳೋಣ. ಕುಡಿಯುವುದು, ಉಣ್ಣುವುದು ಒಳಹರಿವು. ಮೂತ್ರ, ಬೆವರು, ಉಸಿರಿನ ಆವಿ ಹೊರಹರಿವು. ಈ ತೊಟ್ಟಿಗೆ ಎರಡು ಗುರುತು ಹಾಕಿದ ನೀರನ್ನು ಸೇರಿಸುತ್ತೇವೆ. ಒಂದು ಗುರುತು ಭಾರ ಜಲಜನಕವಾದ ಡ್ಯುಟೀರಿಯಂ, ಇನ್ನೊಂದು ಆಮ್ಲಜನಕ-18. ಡ್ಯುಟೀರಿಯಂ ತೊಟ್ಟಿಯಿಂದ ಹೊರಹೋಗಬೇಕಾದರೆ ನೀರಾಗಿಯೇ ಹೋಗಬೇಕು. ಆಮ್ಲಜನಕ-18ಕ್ಕಾದರೋ ಎರಡು ಬಾಗಿಲುಗಳಿವೆ. ಅದು ನೀರಾಗಿಯೂ ಹೋಗುತ್ತದೆ, ಡೈಆಕ್ಸೈಡಾಗಿಯೂ ಹೋಗುತ್ತದೆ. ಆದ್ದರಿಂದ ಅದು ಬೇಗ ಕಡಿಮೆಯಾಗುತ್ತದೆ. ಎರಡೂ ಕಡಿಮೆಯಾಗುವ ವೇಗಗಳ ನಡುವಿನ ವ್ಯತ್ಯಾಸವೇ ದೇಹ ಉತ್ಪಾದಿಸಿದ ಡೈಆಕ್ಸೈಡಿನ ಮೊತ್ತ. ಅದು ತಿಳಿದರೆ ಒಳಗೆ ಎಷ್ಟು ಆಹಾರ ಉರಿಯಿತು ಎಂಬುದು ತಿಳಿದಂತೆಯೇ. 1955ರಲ್ಲಿ ಲಿಫ್ಸನ್ ಅವರು ಇಲಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಆದರೆ ಮನುಷ್ಯನ ತೊಟ್ಟಿ ಇಲಿಯ ತೊಟ್ಟಿಗಿಂತ ಸಾವಿರಾರು ಪಟ್ಟು ದೊಡ್ಡದು, ಆಮ್ಲಜನಕ-18ರ ನೀರಿನ ಬೆಲೆಯೋ ಕೈಗೆಟುಕದ್ದು. ಅತಿ ಕಡಿಮೆ ಗುರುತನ್ನೂ ಓದಬಲ್ಲ ದ್ರವ್ಯರೋಹಿತಮಾಪಕಗಳು ಬರುವವರೆಗೂ ಕಾಯಬೇಕಾಯಿತು. 1982ರಲ್ಲಿ ಡೇಲ್ ಶೋಲರ್ ಮತ್ತು ವಾನ್ ಸಾಂಟನ್ ಅವರು ಮನುಷ್ಯರ ಮೇಲಿನ ಮೊದಲ ಅಳತೆಯನ್ನು ಪ್ರಕಟಿಸಿದರು. ಡಬ್ಲಿ ಲೇಬಲ್ಡ್ ವಾಟರ್, ನಮ್ಮ ಮಾತಿನಲ್ಲಿ ಜೋಡಿಗುರುತಿನ ನೀರು, ಪೋಷಣಶಾಸ್ತ್ರಕ್ಕೆ ಬಂದದ್ದು ಹೀಗೆ.

ಎರಡೂ ಗುರುತುಗಳು ವಿಕಿರಣವಿಲ್ಲದವು. ನಾವು ಕುಡಿಯುವ ಮಂಜೀರದ ನೀರಿನಲ್ಲೂ, ಕೃಷ್ಣೆಯ ನೀರಿನಲ್ಲೂ ಅವು ಸ್ವಲ್ಪ ಇದ್ದೇ ಇರುತ್ತವೆ. ಆಮ್ಲಜನಕದಲ್ಲಿ ಸುಮಾರು ಶೇಕಡಾ 0.2ರಷ್ಟು, ಜಲಜನಕದಲ್ಲಿ ಅದಕ್ಕಿಂತ ತೀರಾ ಕಡಿಮೆ. ನಮ್ಮ ತೆಲಂಗಾಣದ ಮಣುಗೂರಿನಲ್ಲಿ ಅಣುಸ್ಥಾವರಗಳಿಗಾಗಿ ಭಾರಜಲ ತಯಾರಾಗುತ್ತದೆ. ಜೋಡಿಯಲ್ಲಿ ಅಗ್ಗವಾದ ಅರ್ಧ ಅದು. ದುಬಾರಿಯಾದ ಅರ್ಧ ಆಮ್ಲಜನಕ-18.

ಅಳತೆಯ ಕ್ರಮ ನೋಡುವುದಕ್ಕೆ ಬಹಳ ಸರಳ. ಮೊದಲು ಒಂದು ಮೂತ್ರದ ಮಾದರಿ. ಆಮೇಲೆ ಸಣ್ಣ ಲೋಟದಷ್ಟು ಗುರುತಿನ ನೀರನ್ನು ತೂಕಮಾಡಿ ಕೊಟ್ಟು, ಲೋಟವನ್ನು ತೊಳೆದ ನೀರನ್ನೂ ಕುಡಿಸುತ್ತಾರೆ, ಒಂದು ಹನಿಯೂ ಲೆಕ್ಕ ತಪ್ಪಬಾರದು. ಕೆಲವು ಗಂಟೆಗಳಲ್ಲಿ ಅದು ಮೈಯ ನೀರಿನಲ್ಲೆಲ್ಲ ಬೆರೆಯುತ್ತದೆ. ಆಗ ಮತ್ತೊಂದು ಮಾದರಿ. ಅಲ್ಲಿಂದ ಸುಮಾರು ಹದಿನಾಲ್ಕು ದಿನ, ನಡುನಡುವೆ ಮೂತ್ರದ ಮಾದರಿ ಕೊಡುತ್ತಾ, ಆ ಮನುಷ್ಯ ತನ್ನ ಪಾಡಿಗೆ ತಾನು ಕಚೇರಿಗೆ ಹೋಗಬಹುದು, ಹೊಲಕ್ಕೆ ಹೋಗಬಹುದು, ಮಲಗಿಯೇ ಇರಬಹುದು.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ. ವ್ಯಕ್ತಿ ಕಲ್ಪಿತ, ಆದರೆ ನಮ್ಮಂಥವನೇ: 65 ಕಿಲೊ ತೂಕದ ಗುಮಾಸ್ತ, ಮೈಯಲ್ಲಿ 36 ಲೀಟರು ನೀರು, ರಸಾಯನಶಾಸ್ತ್ರದ ಎಣಿಕೆಯಲ್ಲಿ 2000 ಮೋಲ್. ಅವನ ಮೂಲ ಖರ್ಚು ದಿನಕ್ಕೆ 1500 ಕಿಲೊಕ್ಯಾಲರಿ. ಅವನ ಮೂತ್ರದಲ್ಲಿ ಡ್ಯುಟೀರಿಯಂ ದಿನಕ್ಕೆ ಶೇ. 9.0ರ ವೇಗದಲ್ಲಿ, ಆಮ್ಲಜನಕ-18 ಶೇ. 11.3ರ ವೇಗದಲ್ಲಿ ಇಳಿಯುತ್ತಿದೆ ಎನ್ನೋಣ. ಶೋಲರ್ ಅವರ ಸೂತ್ರ ಹೀಗಿದೆ:

rCO2 = 0.455 × N × (1.007 kO − 1.041 kD)

N ಎಂಬುದು ದೇಹದ ನೀರು, kO ಮತ್ತು kD ಎರಡು ಗುರುತುಗಳು ಇಳಿಯುವ ವೇಗಗಳು. ಒಂದು ಡೈಆಕ್ಸೈಡ್ ಅಣು ಎರಡು ಆಮ್ಲಜನಕ ಪರಮಾಣುಗಳನ್ನು ಒಯ್ಯುವುದರಿಂದ ಮೊದಲಿನ ಸಂಖ್ಯೆ ಅರ್ಧಕ್ಕೆ ಹತ್ತಿರವಿದೆ. ಆವಿಯಾಗುವ ನೀರು ಭಾರದ ಪರಮಾಣುಗಳನ್ನು ತುಸು ಹಿಂದೆ ಬಿಟ್ಟು ಹೋಗುವುದಕ್ಕೂ ಅದರಲ್ಲಿ ತಿದ್ದುಪಡಿ ಸೇರಿದೆ. ಡ್ಯುಟೀರಿಯಂ ನೀರಿನಲ್ಲಿ ಮಾತ್ರ ಇರದೆ ಸ್ವಲ್ಪ ಮೈಯ ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತದೆ, ಆದ್ದರಿಂದ ಅದರ ತೊಟ್ಟಿ ತುಸು ದೊಡ್ಡದು, 1.041 ಬಂದದ್ದು ಅಲ್ಲಿಂದ. ಬೆಲೆಗಳನ್ನು ಹಾಕಿದರೆ ದಿನಕ್ಕೆ 18.3 ಮೋಲ್, ಅಂದರೆ ಸುಮಾರು 410 ಲೀಟರು ಡೈಆಕ್ಸೈಡ್. ಸಾಧಾರಣ ಮಿಶ್ರ ಆಹಾರ ಉಣ್ಣುವವನಲ್ಲಿ ಒಂದು ಲೀಟರಿಗೆ ಸುಮಾರು 5.74 ಕಿಲೊಕ್ಯಾಲರಿ. ಒಟ್ಟು 2350. ಮೂಲ ಖರ್ಚಿನ 1.57 ಪಟ್ಟು.

ಈಗ ಅದೇ ಗುಮಾಸ್ತನನ್ನು ಕೇಳೋಣ. ಏಳು ಗಂಟೆ ನಿದ್ದೆ, ಎಂಟು ಗಂಟೆ ಕಚೇರಿ, ‘ಅರ್ಧ ಹೊತ್ತು ಓಡಾಟವೇ’, ಎರಡು ಗಂಟೆ ಬಸ್ಸು, ಮೆಟ್ರೊ, ಒಂದೂವರೆ ಗಂಟೆ ಬಿರುಸಿನ ನಡಿಗೆ, ಎರಡೂವರೆ ಗಂಟೆ ಮನೆಗೆಲಸ, ಉಳಿದದ್ದು ವಿಶ್ರಾಂತಿ. ಈ ಕೆಲಸಗಳಿಗೆ ಒಪ್ಪಿತವಾಗುವ ಪಟ್ಟುಗಳನ್ನು ಹಾಕಿ ಕೂಡಿದರೆ ಚಟುವಟಿಕೆಯ ಮಟ್ಟ 1.83ಕ್ಕೆ ಬರುತ್ತದೆ, ದಿನದ ಖರ್ಚು ಸುಮಾರು 2740. ನೀರು ಹೇಳಿದ್ದಕ್ಕಿಂತ ಶೇ. 17ರಷ್ಟು ಹೆಚ್ಚು. ಅಷ್ಟೇನೂ ದೊಡ್ಡ ತಪ್ಪಲ್ಲ ಎನ್ನಿಸಬಹುದು. ಆದರೆ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು, ಆ 1500, ಅವನು ಮಲಗಿದ್ದರೂ ಆಗುವಂಥದ್ದು. ಅದರ ಬಗ್ಗೆ ಅವನು ತಪ್ಪು ಹೇಳುವ ಪ್ರಶ್ನೆಯೇ ಇಲ್ಲ. ಉಂಡದ್ದನ್ನು ಅರಗಿಸಲು ಹೋಗುವ ಸುಮಾರು ಹತ್ತನೆಯ ಒಂದು ಪಾಲನ್ನೂ ಕಳೆದರೆ, ನಿಜವಾದ ಚಟುವಟಿಕೆಗೆ ಉಳಿಯುವುದು ನೀರಿನ ಲೆಕ್ಕದಲ್ಲಿ ಸುಮಾರು 615, ಬಾಯಿಯ ಲೆಕ್ಕದಲ್ಲಿ 965. ಅಂದರೆ ಅವನು ಹೇಳಿಕೊಂಡ ಚಟುವಟಿಕೆ ನಡೆದದ್ದಕ್ಕಿಂತ ಅರ್ಧಕ್ಕೂ ಮಿಕ್ಕಿ ಹೆಚ್ಚು. ಒಟ್ಟು ಮೊತ್ತವನ್ನು ಮಾತ್ರ ಹೋಲಿಸಿ, ಪ್ರಶ್ನಾವಳಿ ಪರವಾಗಿಲ್ಲ ಎನ್ನುವವರು ಈ ಕಳೆಯುವ ಲೆಕ್ಕವನ್ನು ಮರೆತಿರುತ್ತಾರೆ.

ನೀರೂ ತಪ್ಪುವುದಿಲ್ಲವೆಂದಲ್ಲ. ಎಲ್ಲವೂ ನಿಂತಿರುವುದು ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸದ ಮೇಲೆ. ಮೇಲಿನ ಲೆಕ್ಕದಲ್ಲಿ ಡ್ಯುಟೀರಿಯಂನ ವೇಗವನ್ನು ನೂರಕ್ಕೆ ಒಂದರಷ್ಟು ತಪ್ಪಾಗಿ ಓದಿದರೆ ಉತ್ತರ ನೂರಕ್ಕೆ ಐದರಷ್ಟು ತಪ್ಪುತ್ತದೆ. ಹೈದರಾಬಾದಿನ ಮೇ ತಿಂಗಳಿನಲ್ಲಿ ಅದೇ ಮನುಷ್ಯ ಐದು ಲೀಟರಿಗೂ ಹೆಚ್ಚು ನೀರು ಕುಡಿದು ಬೆವರಿದರೆ ಎರಡು ಗುರುತುಗಳೂ ಬೇಗ ಇಳಿಯುತ್ತವೆ, ವ್ಯತ್ಯಾಸ ಅಷ್ಟೇ ಇರುತ್ತದೆ. ಆಗ ಅದೇ ಒಂದರ ತಪ್ಪು ಎಂಟರ ಹತ್ತಿರಕ್ಕೆ ಬೆಳೆಯುತ್ತದೆ. ನಮ್ಮಂತೆ ನಡುವೆ ಊರಿಗೆ ಹೋಗಿಬರುವವರಿಂದ ಇನ್ನೊಂದು ತೊಂದರೆ. ಒಂದೊಂದು ಊರಿನ ನೀರಿನಲ್ಲಿ ಸಹಜವಾಗಿರುವ ಗುರುತಿನ ಪ್ರಮಾಣ ತುಸು ಬೇರೆ. ಹದಿನಾಲ್ಕು ದಿನದ ನಡುವೆ ಹೈದರಾಬಾದು ಬಿಟ್ಟು ಶಿವಮೊಗ್ಗದ ಬಾವಿಯ ನೀರು ಕುಡಿದವನ ಆಧಾರರೇಖೆಯೇ ಸರಿದುಬಿಡಬಹುದು. ಕುಶಲರು ಇದನ್ನು ಕಂಡುಹಿಡಿಯುವುದು ಮಾದರಿಗಳಿಂದಲೇ. ಇಳಿಕೆಯನ್ನು ಲಾಗರಿದಮ್ಮಿನ ಹಾಳೆಯಲ್ಲಿ ಗುರುತಿಸಿದಾಗ ಬಿಂದುಗಳು ನೇರ ಗೆರೆಯ ಮೇಲೆ ಕೂರಬೇಕು. ಎರಡೂ ಗುರುತುಗಳು ತೋರಿಸುವ ತೊಟ್ಟಿಗಳ ಗಾತ್ರದ ಅನುಪಾತ 1.03ರ ಆಸುಪಾಸಿನಲ್ಲಿರಬೇಕು. ಅದು ದೂರ ಸರಿದಿದ್ದರೆ ಲೋಟದಲ್ಲೋ ಯಂತ್ರದಲ್ಲೋ ಏನೋ ತಪ್ಪಿದೆ. ಇಷ್ಟೆಲ್ಲ ಎಚ್ಚರ ವಹಿಸಿದಾಗ ಈ ವಿಧಾನ ಮುಚ್ಚಿದ ಕೋಣೆಯ ಉಸಿರಿನ ಅಳತೆಯೊಂದಿಗೆ ಕೆಲವೇ ಶೇಕಡಾದೊಳಗೆ ಹೊಂದುತ್ತದೆ. ಉಳಿದವಕ್ಕೆ ಇದೇ ಒರೆಗಲ್ಲು ಎಂದು ಒಪ್ಪಿಕೊಂಡದ್ದು ಈ ಕಾರಣಕ್ಕೆ.

ಒರೆಗಲ್ಲಿಗೆ ಮೊದಲು ಉಜ್ಜಲ್ಪಟ್ಟದ್ದು ಊಟದ ಲೆಕ್ಕ. 1986ರಲ್ಲಿ ಕೇಂಬ್ರಿಜ್ಜಿನ ಆಂಡ್ರೂ ಪ್ರೆಂಟಿಸ್ ಮತ್ತು ಸಂಗಡಿಗರು ಸ್ಥೂಲಕಾಯದ ಮಹಿಳೆಯರನ್ನು ಅಳೆದರು. ಅವರು ಬರೆದುಕೊಟ್ಟ ಊಟ ದಿನಕ್ಕೆ ಸರಾಸರಿ 1600 ಕಿಲೊಕ್ಯಾಲರಿ. ನೀರು ತೋರಿಸಿದ ಖರ್ಚು 2400ಕ್ಕೂ ಹೆಚ್ಚು. ತೆಳ್ಳಗಿನವರಲ್ಲಿ ಎರಡೂ ಲೆಕ್ಕಗಳು ಬಹುಮಟ್ಟಿಗೆ ಹೊಂದಿದವು. ‘ನನ್ನ ಮೈ ಖರ್ಚೇ ಮಾಡುವುದಿಲ್ಲ’ ಎಂಬ ಬಹುಕಾಲದ ದೂರಿಗೆ ಅಲ್ಲಿ ಆಧಾರ ಸಿಗಲಿಲ್ಲ.

ಚಟುವಟಿಕೆಯ ಲೆಕ್ಕ ಉಜ್ಜಲ್ಪಟ್ಟದ್ದು 1992ರಲ್ಲಿ, ನ್ಯೂಯಾರ್ಕಿನಲ್ಲಿ. ಸ್ಟೀವನ್ ಲಿಕ್ಟ್‌ಮನ್ ಮತ್ತು ಅವರ ತಂಡ ಆರಿಸಿಕೊಂಡ ಹತ್ತು ಜನ, ದಿನಕ್ಕೆ 1200ಕ್ಕಿಂತ ಕಡಿಮೆ ತಿನ್ನುತ್ತೇವೆ, ಆದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರು. ತಮ್ಮ ಮೈಯ ವ್ಯಾಪಾರವೇ ನಿಧಾನ ಎಂಬುದು ಅವರ ನಂಬಿಕೆ. ಹದಿನಾಲ್ಕು ದಿನ ಅವರು ಊಟವನ್ನೂ ಓಡಾಟವನ್ನೂ ಬರೆದಿಟ್ಟರು. ನೀರು ತನ್ನ ಲೆಕ್ಕವನ್ನು ಬರೆಯುತ್ತಿತ್ತು. ಅವರ ಮೂಲ ಖರ್ಚೂ ಒಟ್ಟು ಖರ್ಚೂ ಅವರ ಮೈಕಟ್ಟಿಗೆ ನಿರೀಕ್ಷಿಸಬೇಕಾದ್ದಕ್ಕೆ ಶೇ. 5ರೊಳಗೆ ಹೊಂದಿದವು. ಮೈಯಲ್ಲಿ ಯಾವ ನಿಧಾನವೂ ಇರಲಿಲ್ಲ. ಊಟವನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು. ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ವಾಲಿದ್ದವು ಎಂಬುದನ್ನು ಗಮನಿಸಬೇಕು. ಬರಿಯ ಮರೆವಾಗಿದ್ದರೆ ಒಬ್ಬರು ಹೆಚ್ಚು, ಮತ್ತೊಬ್ಬರು ಕಡಿಮೆ ಹೇಳಿ ಸರಾಸರಿಯಲ್ಲಿ ತಪ್ಪು ಸವೆದುಹೋಗಬೇಕಿತ್ತು. ಹಾಗಾಗಲಿಲ್ಲ. ಆದರೂ ವ್ಯಕ್ತಿಯಿಂದ ವ್ಯಕ್ತಿಗೆ ಈ ತಪ್ಪು ವಿಪರೀತ ಬೇರೆಯಾಗಿತ್ತು. ಆದ್ದರಿಂದ ಎಲ್ಲರ ಉತ್ತರದಿಂದಲೂ ಮೂರನೆಯ ಒಂದು ಪಾಲು ಕಳೆದುಬಿಡೋಣ ಎಂಬ ಸುಲಭ ಪರಿಹಾರವೂ ಇಲ್ಲಿ ಸಲ್ಲುವುದಿಲ್ಲ.

ಏಕೆ ಹೀಗೆ? 2005ರಲ್ಲಿ ಅಮೆರಿಕದ ಇನ್ನೊಂದು ತಂಡ ಮಹಿಳೆಯರ ಗುಂಪೊಂದರಲ್ಲಿ ನೀರಿನ ಅಳತೆಯ ಜೊತೆಗೆ, ಒಳ್ಳೆಯವರೆನಿಸಿಕೊಳ್ಳುವ ಹಂಬಲ ಅವರಲ್ಲಿ ಎಷ್ಟಿದೆ ಎಂಬುದನ್ನೂ ಒಂದು ಮಾನಕದಿಂದ ಅಳೆಯಿತು. ಆ ಹಂಬಲ ಹೆಚ್ಚಿದ್ದವರ ಉತ್ತರದಲ್ಲಿ ಚಟುವಟಿಕೆಯ ಉಬ್ಬರವೂ ಹೆಚ್ಚಾಗಿತ್ತು. ಇದು ಒಂದು ಕಾರಣ. ನನಗೆ ಇದಕ್ಕಿಂತ ಮುಖ್ಯವೆನ್ನಿಸುವುದು ಪ್ರಶ್ನೆಯ ಕಟ್ಟಡ. ವ್ಯಾಯಾಮಕ್ಕೆ ಹೆಸರಿದೆ, ಸಮಯವಿದೆ, ಅದಕ್ಕೆಂದೇ ಕೊಂಡ ಬೂಟುಗಳಿವೆ. ಅದು ನೆನಪಿನಲ್ಲಿ ದುಂಡಗೆ ನಿಲ್ಲುತ್ತದೆ. ಕುಳಿತುಕೊಳ್ಳುವುದಕ್ಕೆ ಹೆಸರಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ನೂರು ಸಲ ಓಡಾಡುವ ಹೆಂಗಸಿನ ನಡಿಗೆಗೂ ಹೆಸರಿಲ್ಲ. ಆದ್ದರಿಂದ ನನ್ನಂಥವನ ಉತ್ತರ ಉಬ್ಬಿದರೆ, ಅವಳ ಉತ್ತರ ಕುಗ್ಗುವ ಸಾಧ್ಯತೆಯೂ ಇದೆ.

ಕರ್ನಾಟಕದಲ್ಲಿ ಈ ವಿದ್ಯೆ ನೆಲೆಯೂರಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಬಹುಕಾಲದಿಂದ ಅರೆಹೊಟ್ಟೆಯಲ್ಲಿ ಬದುಕಿದ ಗಂಡಸರ ಒಟ್ಟು ಖರ್ಚನ್ನು ಜೋಡಿಗುರುತಿನ ನೀರಿನಿಂದ ಅಳೆದ ಬರಹವನ್ನು ಬೊರ್ಗೊನ್ಯ, ಪ್ರಕಾಶ್ ಶೆಟ್ಟಿ ಮತ್ತು ಅನುರಾ ಕುರ್ಪಾಡ್ ಅವರು 2000ದಲ್ಲಿ ಪ್ರಕಟಿಸಿದರು. ಬಡವನ ಮೈ ತಾನಾಗಿಯೇ ಖರ್ಚು ಇಳಿಸಿಕೊಳ್ಳುತ್ತದೆಯೇ ಎಂಬುದು ನಮ್ಮ ದೇಶದಲ್ಲಿ ಅರ್ಥಶಾಸ್ತ್ರಜ್ಞರೂ ಜಗಳವಾಡಿದ ವಿಷಯ; ಪಡಿತರದ, ಬಡತನದ ರೇಖೆಯ ಲೆಕ್ಕಗಳು ಅದರ ಮೇಲೆ ನಿಂತಿದ್ದವು. ಅದಕ್ಕೆ ಕೇಳಿ ಪಡೆದ ಉತ್ತರ ಸಾಲದಾಗಿತ್ತು. 2009ರಲ್ಲಿ ಮೈಸೂರಿನ ಎಂಟು-ಒಂಬತ್ತು ವರ್ಷದ ಮಕ್ಕಳಲ್ಲಿ ಕೃಷ್ಣವೇಣಿ ಮತ್ತು ಸಂಗಡಿಗರು ಅದೇ ನೀರಿನ ಎದುರಿಗೆ ಸೊಂಟಕ್ಕೆ ಕಟ್ಟುವ ಚಲನಮಾಪಕವನ್ನು ಪರೀಕ್ಷಿಸಿದರು. ಯಂತ್ರ ಎಣಿಸಿದ ಚಲನೆಯಿಂದ ಮಗುವಿನ ಶಕ್ತಿಖರ್ಚನ್ನು ನಂಬಿಕೆಯಿಂದ ಊಹಿಸಲಾಗಲಿಲ್ಲ. ಹೈದರಾಬಾದಿನ ಹೊರವಲಯದ ಹಳ್ಳಿಗಳಲ್ಲಿ ನಡೆಯುತ್ತಿರುವ ಆಂಧ್ರಪ್ರದೇಶ ಮಕ್ಕಳು ಮತ್ತು ಪೋಷಕರ ಅಧ್ಯಯನದ ಚಟುವಟಿಕೆ ಪ್ರಶ್ನಾವಳಿಯನ್ನು 2016ರಲ್ಲಿ ಒರೆಹಚ್ಚಿದಾಗ ಎದುರಿಗಿಟ್ಟದ್ದು ಇಂಥ ಚಲನಮಾಪಕವನ್ನೇ, ನೀರನ್ನಲ್ಲ. ಅಲ್ಲಿಯೂ ಉತ್ತರಕ್ಕೂ ಯಂತ್ರಕ್ಕೂ ಬಿಗಿಯಾದ ಹೊಂದಾಣಿಕೆಯೇನೂ ಕಾಣಲಿಲ್ಲ. ಸಾವಿರಾರು ಜನರಿಗೆ ಆಮ್ಲಜನಕ-18 ಕುಡಿಸುವ ಹಣ ಯಾರ ಬಳಿಯೂ ಇಲ್ಲವಾದ್ದರಿಂದ, ದೊಡ್ಡ ಸಮೀಕ್ಷೆಗಳು ಈ ಎರಡನೆಯ ದರ್ಜೆಯ ಸಾಕ್ಷಿಗಳಿಂದಲೇ ನಡೆಯಬೇಕಾಗಿದೆ.

ಇಲ್ಲಿ ನೀರಿನ ಪರವಾಗಿ ಅತಿಯಾಗಿ ವಾದಿಸಬಾರದು ಎಂಬುದಕ್ಕೂ ಒಂದು ಸಾಕ್ಷಿಯಿದೆ. 2012ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ತಾಂಜಾನಿಯದ ಹಾಡ್ಜ಼ಾ ಬೇಟೆಗಾರರನ್ನು ಇದೇ ವಿಧಾನದಿಂದ ಅಳೆದರು. ದಿನವಿಡೀ ಅಲೆಯುವ ಆ ಜನರ ಒಟ್ಟು ಖರ್ಚು, ಮೈಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಪಟ್ಟಣದ ಪಾಶ್ಚಾತ್ಯರದ್ದಕ್ಕಿಂತ ಹೆಚ್ಚಾಗಿರಲಿಲ್ಲ. ಅವರು ನಡೆಯುತ್ತಿದ್ದದ್ದಂತೂ ಕಣ್ಣೆದುರಿನ ಸತ್ಯ. ಮೈ ಬಹುಶಃ ಬೇರೆಡೆ ಉಳಿತಾಯ ಮಾಡಿಕೊಳ್ಳುತ್ತದೆ. ನೀರು ಹೇಳುವುದು ಹದಿನಾಲ್ಕು ದಿನದ ಒಂದೇ ಮೊತ್ತವನ್ನು. ಅದರಲ್ಲಿ ನಡಿಗೆ ಎಷ್ಟು, ನೆಗಡಿಯ ಜ್ವರ ಎಷ್ಟು, ಮಂಗಳವಾರ ಎಷ್ಟು, ಭಾನುವಾರ ಎಷ್ಟು ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಒಟ್ಟು ಮೊತ್ತ ಕಡಿಮೆ ಬಂದ ಮಾತ್ರಕ್ಕೆ ‘ನೀನು ನಡೆಯಲೇ ಇಲ್ಲ’ ಎಂದು ಒಬ್ಬನ ಮೇಲೆ ಆರೋಪ ಹೊರಿಸಲಾಗದು. ನಡಿಗೆಯಿಂದ ಇಷ್ಟು ಖರ್ಚಾಯಿತು ಎಂಬ ಅವನ ಲೆಕ್ಕ ಸರಿಯಿಲ್ಲ ಎಂದಷ್ಟೇ ಹೇಳಬಹುದು.

ಮತ್ತೆ ತಾರ್ನಾಕಕ್ಕೆ ಬರೋಣ. ಭಾರತೀಯರಿಗೆ ದಿನಕ್ಕೆ ಎಷ್ಟು ಆಹಾರಶಕ್ತಿ ಬೇಕೆಂದು ಗೊತ್ತುಪಡಿಸುವ ಪುಸ್ತಕ ಹೊರಬರುವುದು ಅಲ್ಲಿಂದಲೇ. ಕುಳಿತು ಕೆಲಸ ಮಾಡುವ ಗಂಡಸಿಗೆ 1989ರ ತಜ್ಞರ ಸಮಿತಿ ಹೇಳಿದ್ದು 2425 ಕಿಲೊಕ್ಯಾಲರಿ. 2010ರಲ್ಲಿ ಅದು 2320 ಆಯಿತು. 2020ರಲ್ಲಿ ಲೆಕ್ಕಕ್ಕೆ ಹಿಡಿದ ಗಂಡಸಿನ ತೂಕ 60ರಿಂದ 65 ಕಿಲೊಗೆ ಏರಿತು, ಆದರೆ ಸಂಖ್ಯೆ 2110ಕ್ಕೆ ಇಳಿಯಿತು. ಭಾರ ಹೆಚ್ಚಾದ ಮೈಗೆ ಕಡಿಮೆ ಊಟವೆಂಬ ಈ ವಿಚಿತ್ರಕ್ಕೆ ಮುಖ್ಯ ಕಾರಣ, ಕುಳಿತು ಕೆಲಸ ಮಾಡುವವನ ಚಟುವಟಿಕೆಯ ಮಟ್ಟವನ್ನು 1.53ರಿಂದ 1.40ಕ್ಕೆ ಇಳಿಸಿದ್ದು. ಮಧ್ಯಮ ಶ್ರಮದವನಿಗೆ ಮಟ್ಟ 1.80, ಸಂಖ್ಯೆ 2710. ಎರಡು ಸಾಲುಗಳ ನಡುವೆ 600 ಕಿಲೊಕ್ಯಾಲರಿಗಳ ಅಂತರ, ಹೆಚ್ಚುಕಡಿಮೆ ಒಂದು ಹೊತ್ತಿನ ಊಟ.

ನಾನು ಯಾವ ಸಾಲಿನವನು ಎಂದು ತೀರ್ಮಾನಿಸುವ ಕೆಲಸವನ್ನು ಆ ಕೋಷ್ಟಕ ನನಗೇ ಬಿಟ್ಟಿದೆ. ಶಿಬಿರದ ಹಾಳೆಯಲ್ಲಿ ನಾನು ಬರೆದ ಉತ್ತರಗಳನ್ನು ಅದೇ ಕ್ರಮದಲ್ಲಿ ಗುಣಿಸಿ ನೋಡಿದೆ, 1.80ಕ್ಕೂ ತುಸು ಮೇಲೆಯೇ ಬಂತು. ಮೇಲಿನ ಗುಮಾಸ್ತನ ದಿನಚರಿಯನ್ನು ಎಲ್ಲಿಂದ ತೆಗೆದುಕೊಂಡೆನೆಂದು ಓದುಗರು ಈಗಾಗಲೇ ಊಹಿಸಿರಬಹುದು. ಅವನ ಮೂತ್ರದಲ್ಲಿ ಕಂಡ ಸಂಖ್ಯೆಗಳು ಮಾತ್ರ ಕಲ್ಪಿತ. ನನಗೆ ಯಾರೂ ಆ ನೀರನ್ನು ಕುಡಿಸಿಲ್ಲ. ಈಚೆಗೆ ಪಾರ್ಕಿಗೆ ಹೋದಾಗ ಬೆಂಚಿನ ಹೊತ್ತನ್ನು ಬೇರೆಯಾಗಿ ನೋಡಿಕೊಳ್ಳುತ್ತಿದ್ದೇನೆ. ನಿನ್ನೆ ಅದು ಐವತ್ತೆರಡು ನಿಮಿಷ, ನಡಿಗೆ ಮೂವತ್ತೊಂದು.